ಚೀನೀ ಕೋಣೆಯಲ್ಲಿ ಅರ್ಥವಾದದ್ದು ಯಾರಿಗೆ?

ಒಬ್ಬ ಹೋಟೆಲಿಗೆ ಹೋಗಿ ಹ್ಯಾಂಬರ್ಗರ್ ಹೇಳಿದ. ತಂದಿಟ್ಟಾಗ ಅದು ಸೀದು ಕರಕಲಾಗಿತ್ತು. ಸಿಟ್ಟಿನಿಂದ ಎದ್ದವನು ದುಡ್ಡೂ ಕೊಡದೆ, ಟಿಪ್ಸೂ ಇಡದೆ ಹೊರಟುಹೋದ. ಈಗ ಪ್ರಶ್ನೆ: ಅವನು ಆ ಹ್ಯಾಂಬರ್ಗರ್ ತಿಂದನೇ?

ಇಲ್ಲ ಎಂದು ನೀವು ಥಟ್ಟನೆ ಹೇಳುತ್ತೀರಿ. ಆದರೆ ಕಥೆಯನ್ನು ಮತ್ತೊಮ್ಮೆ ಓದಿ ನೋಡಿ, ತಿನ್ನಲಿಲ್ಲ ಎಂಬ ಮಾತು ಅದರಲ್ಲಿ ಎಲ್ಲೂ ಇಲ್ಲ. ಹೋಟೆಲಿನಲ್ಲಿ ಏನೇನು ಯಾವ ಕ್ರಮದಲ್ಲಿ ನಡೆಯುತ್ತದೆ ಎಂಬುದು ನಮಗೆ ಮೊದಲೇ ಗೊತ್ತಿರುವುದರಿಂದ ಬಿಟ್ಟ ಜಾಗವನ್ನು ನಾವೇ ತುಂಬಿಕೊಳ್ಳುತ್ತೇವೆ. 1970ರ ದಶಕದಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ರೋಜರ್ ಶಾಂಕ್ ಮತ್ತು ಅವರ ಜೊತೆಗಾರರು ಕಂಪ್ಯೂಟರಿಗೂ ಇದನ್ನೇ ಮಾಡಿಸಲು ಹೊರಟರು. ಒಳಗೆ ಬರುವುದು, ಕೂರುವುದು, ಹೇಳುವುದು, ಊಟ ಬರುವುದು, ತಿನ್ನುವುದು, ದುಡ್ಡು ಕೊಡುವುದು, ಹೊರಡುವುದು ಎಂಬ ಸರಣಿಯನ್ನು ಅವರು 'ಸ್ಕ್ರಿಪ್ಟ್' ಎಂದು ಕರೆದು ಪ್ರೋಗ್ರಾಮಿನೊಳಗೆ ಇಟ್ಟರು. ಕಥೆ ಕೊಟ್ಟರೆ ಪ್ರೋಗ್ರಾಮು ಅದನ್ನು ಸ್ಕ್ರಿಪ್ಟಿಗೆ ಹೊಂದಿಸಿ ನೋಡಿ, ಕಥೆಯಲ್ಲಿ ಹೇಳದೆ ಬಿಟ್ಟದ್ದರ ಬಗ್ಗೆಯೂ ಸರಿಯುತ್ತರ ಕೊಡುತ್ತಿತ್ತು. ಇದನ್ನು ಮೆಚ್ಚಿದ ಕೆಲವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಯಂತ್ರಕ್ಕೆ ಕಥೆ ಅರ್ಥವಾಗಿದೆ ಎಂದೇ ಹೇಳತೊಡಗಿದರು.

ಬರ್ಕ್ಲಿಯ ತತ್ವಶಾಸ್ತ್ರಜ್ಞ ಜಾನ್ ಸರ್ಲ್ ಅವರ ತಕರಾರು ಇದ್ದದ್ದು ಆ ಕೊನೆಯ ಹೆಜ್ಜೆಯ ಮೇಲೆ ಮಾತ್ರ. 1980ರಲ್ಲಿ ಅವರು ಬರೆದ ಪ್ರಬಂಧದಲ್ಲಿ ಬಂದದ್ದೇ 'ಚೀನೀ ಕೋಣೆ' ಎಂಬ ಕಲ್ಪನಾ ಪ್ರಯೋಗ. ಅದು ಹುಟ್ಟಿದ್ದು ಒಂದು ನಿರ್ದಿಷ್ಟ ಪ್ರೋಗ್ರಾಮಿಗೆ ಉತ್ತರವಾಗಿ ಎನ್ನುವುದನ್ನು ಈಗಿನ ಬಹುಪಾಲು ವಿವರಣೆಗಳು ಮರೆತಿವೆ. ಹಾಗೆ ಮರೆತದ್ದರಿಂದಲೇ ಕೋಣೆಯೊಳಗಿನ ಸಾಮಾನುಗಳು ಹೇಳುವವರಿಂದ ಹೇಳುವವರಿಗೆ ಬೇರೆಬೇರೆಯಾಗುತ್ತ ಹೋಗಿವೆ.

ಕೋಣೆಯಲ್ಲಿ ನಿಜಕ್ಕೂ ಇರುವುದು ಇಷ್ಟು. ಚೀನೀ ಭಾಷೆ ಒಂದಕ್ಷರವೂ ಬಾರದ ಒಬ್ಬ ಮನುಷ್ಯ ಒಳಗಿದ್ದಾನೆ. ಮೂಲದಲ್ಲಿ ಅವನಿಗೆ ಬರುವುದು ಇಂಗ್ಲಿಷ್. ನಾವು ಕನ್ನಡ ಬಲ್ಲವನನ್ನು ಕೂರಿಸಿದರೂ ವಾದಕ್ಕೆ ಏನೂ ಆಗುವುದಿಲ್ಲ. ಅವನಿಗೆ ಚೀನೀ ಬರಹದ ಮೂರು ಕಂತೆಗಳನ್ನು ಕೊಡುತ್ತಾರೆ. ಜೊತೆಗೆ ಆ ಗುರುತುಗಳನ್ನು ಹೇಗೆ ಜೋಡಿಸಬೇಕು, ಯಾವುದಕ್ಕೆ ಯಾವುದನ್ನು ಹೊರಗೆ ಕೊಡಬೇಕು ಎಂಬ ನಿಯಮಗಳು ಅವನ ಭಾಷೆಯಲ್ಲೇ ಇರುತ್ತವೆ. ಹೊರಗಿನವರ ಲೆಕ್ಕದಲ್ಲಿ ಮೊದಲ ಕಂತೆ ಸ್ಕ್ರಿಪ್ಟು, ಎರಡನೆಯದು ಕಥೆ, ಮೂರನೆಯದು ಪ್ರಶ್ನೆಗಳು. ನಿಯಮಗಳೇ ಪ್ರೋಗ್ರಾಮು, ಅವನು ಹೊರಗೆ ತಳ್ಳುವ ಚೀಟಿಗಳೇ ಉತ್ತರಗಳು. ಈ ಹೆಸರುಗಳಲ್ಲಿ ಒಂದನ್ನೂ ಅವನಿಗೆ ಯಾರೂ ಹೇಳಿಲ್ಲ.

ಒಂದು ಸುತ್ತು ನಾವೇ ನಡೆಸಿ ನೋಡೋಣ. ಚೀನೀ ಅಕ್ಷರಗಳ ಬದಲು ಸುಲಭದ ಆಕಾರಗಳನ್ನು ಇಟ್ಟುಕೊಳ್ಳೋಣ. ಎರಡನೇ ಕಂತೆಯಲ್ಲಿ ಹೀಗೊಂದು ಸಾಲು ಬಂದಿದೆ: △ ◇ ☆. ಮೂರನೇ ಕಂತೆಯಲ್ಲಿ ▽ ಎಂಬ ಒಂದೇ ಗುರುತಿದೆ. ನಿಯಮ ಹೀಗನ್ನುತ್ತದೆ: "ಮೂರನೇ ಕಂತೆಯಲ್ಲಿ ▽ ಕಂಡರೆ ಮೊದಲ ಕಂತೆಯ 4ನೇ ಹಾಳೆ ತೆಗೆ. ಆ ಹಾಳೆಯಲ್ಲಿ ▽ದ ಹಿಂದಿನ ಗುರುತು ಯಾವುದೆಂದು ನೋಡಿ, ಅದನ್ನು ಎರಡನೇ ಕಂತೆಯಲ್ಲಿ ಹುಡುಕು. ಸಿಕ್ಕಿದರೆ ಅದರ ಮುಂದಿನದನ್ನು ನೋಡು. ಅಲ್ಲಿ ☆ ಇದ್ದರೆ □ ಬರೆದು ಹೊರಗೆ ತಳ್ಳು, ○ ಇದ್ದರೆ ■ ಬರೆದು ತಳ್ಳು." ಅವನು 4ನೇ ಹಾಳೆ ತೆಗೆಯುತ್ತಾನೆ. ಅಲ್ಲಿ ▽ದ ಹಿಂದೆ ◇ ಇದೆ. ಎರಡನೇ ಕಂತೆಯಲ್ಲಿ ◇ ಸಿಗುತ್ತದೆ, ಅದರ ಮುಂದೆ ☆ ಇದೆ. ಅವನು □ ಬರೆದು ಕಿಂಡಿಯಿಂದ ಹೊರಗೆ ತಳ್ಳುತ್ತಾನೆ.

ಹೊರಗೆ ಕಾಯುತ್ತಿರುವ ಚೀನೀಯರಿಗೆ △ ಎಂದರೆ ಹ್ಯಾಂಬರ್ಗರ್ ಹೇಳಿದ, ◇ ಎಂದರೆ ಅದು ಬಂತು, ☆ ಎಂದರೆ ದುಡ್ಡು ಕೊಡದೆ ಹೋದ, ▽ ಎಂದರೆ ತಿಂದನೇ, □ ಎಂದರೆ ಇಲ್ಲ. ಸರಿಯಾದ ಉತ್ತರ ಸಿಕ್ಕಿತೆಂದು ಅವರು ತಲೆದೂಗುತ್ತಾರೆ. ☆ ಇದ್ದಲ್ಲಿ ○, ಅಂದರೆ ಖುಷಿಯಾಗಿ ದೊಡ್ಡ ಟಿಪ್ಸ್ ಇಟ್ಟ ಎಂದಿದ್ದರೆ ಉತ್ತರ ■, ಅಂದರೆ ಹೌದು. ಒಳಗಿನವನಿಗೆ ಹ್ಯಾಂಬರ್ಗರ್ ಗೊತ್ತಿಲ್ಲ, ಸಿಟ್ಟು ಗೊತ್ತಿಲ್ಲ, ತಾನು ಉತ್ತರಿಸಿದ್ದು ಒಂದು ಪ್ರಶ್ನೆಗೆ ಎಂಬುದೂ ಗೊತ್ತಿಲ್ಲ. ನಿಯಮಗಳು ಲಕ್ಷಗಟ್ಟಲೆ ಆದರೂ, ಉತ್ತರಗಳು ಚೀನಾದಲ್ಲೇ ಹುಟ್ಟಿ ಬೆಳೆದವರ ಮಾತಿನಂತಿದ್ದರೂ, ಅವನ ಅರಿವು ಇಷ್ಟಕ್ಕೇ ನಿಲ್ಲುತ್ತದೆ. ಕಂಪ್ಯೂಟರು ಮಾಡುವುದೂ ಇದನ್ನೇ. ಪ್ರೋಗ್ರಾಮನ್ನು ತಾನೇ ನಡೆಸಿದ ಮನುಷ್ಯನಿಗೆ ಅದರಿಂದ ಚೀನೀ ಅರ್ಥವಾಗದಿದ್ದ ಮೇಲೆ, ಅದೇ ಪ್ರೋಗ್ರಾಮನ್ನು ನಡೆಸಿದ ಮಾತ್ರಕ್ಕೆ ಕಂಪ್ಯೂಟರಿಗೂ ಅರ್ಥವಾಗುವುದಿಲ್ಲ ಎನ್ನುವುದು ಸರ್ಲ್ ಅವರ ತೀರ್ಮಾನ.

ಗುರುತಿನ ಆಕಾರವನ್ನಷ್ಟೇ ನೋಡಿ ಕೆಲಸ ಮಾಡುವುದು ಎಂದರೇನು ಎನ್ನುವುದಕ್ಕೆ ನಮ್ಮಲ್ಲೇ ಒಳ್ಳೆಯ ಉದಾಹರಣೆ ಇದೆ. ವೇದದ ಘನಪಾಠದಲ್ಲಿ ಪದಗಳನ್ನು 1-2, 2-1, 1-2-3, 3-2-1, 1-2-3 ಎಂಬ ಕ್ರಮದಲ್ಲಿ ಹಿಂದುಮುಂದು ಮಾಡಿ ಹೇಳುತ್ತಾರೆ. ಪದಗಳು ಕೂಡುವಲ್ಲಿ ಸಂಧಿಯ ನಿಯಮಗಳೂ ಕೆಲಸ ಮಾಡುತ್ತವೆ. ಪದದ ಅರ್ಥ ಒಂದೂ ಗೊತ್ತಿಲ್ಲದ ಹುಡುಗ ಇದನ್ನು ಒಂದು ಸ್ವರವೂ ತಪ್ಪದಂತೆ ಒಪ್ಪಿಸಬಲ್ಲ. ಕಂಪ್ಯೂಟರಿನ ಮಟ್ಟದಲ್ಲಂತೂ ಇದು ಇನ್ನೂ ಬೋಳು. ನಾವು 'ನೀರು' ಎಂದು ಟೈಪ್ ಮಾಡಿದರೆ ಯುಟಿಎಫ್-8 ಸಂಕೇತದಲ್ಲಿ ಯಂತ್ರಕ್ಕೆ ಸಿಗುವುದು ಈ 12 ಬೈಟುಗಳು:

```
E0 B2 A8 E0 B3 80 E0 B2 B0 E0 B3 81
```

ಇದರಲ್ಲಿ ಒದ್ದೆಯಾದದ್ದು ಏನೂ ಇಲ್ಲ. ಈ ಸಾಲನ್ನು ಎಷ್ಟು ಜಾಣತನದಿಂದ ಹಿಂದುಮುಂದು ಮಾಡಿದರೂ ಅದರೊಳಗೆ ನೀರು ಹೇಗೆ ಬರುತ್ತದೆ ಎನ್ನುವುದೇ ಸರ್ಲ್ ಅವರ ಪ್ರಶ್ನೆ.

ಮುಂದಿನ ವರ್ಷಗಳಲ್ಲಿ ಅವರು ತಮ್ಮ ವಾದವನ್ನು ಮೂರು ಮಾತುಗಳಿಗೆ ಇಳಿಸಿದರು. ಪ್ರೋಗ್ರಾಮುಗಳು ಪೂರ್ತಿಯಾಗಿ ಗುರುತುಗಳ ರೂಪಕ್ಕೆ ಸಂಬಂಧಿಸಿದವು. ಮನಸ್ಸಿನಲ್ಲಿ ಇರುವುದಕ್ಕೆ ಅರ್ಥವಿದೆ, ಅದು ಯಾವುದೋ ಒಂದರ ಕುರಿತದ್ದಾಗಿರುತ್ತದೆ. ಬರೀ ರೂಪದಿಂದ ಅರ್ಥ ಹುಟ್ಟುವುದಿಲ್ಲ. ಮೂರನ್ನೂ ಒಪ್ಪಿದರೆ, ಪ್ರೋಗ್ರಾಮು ತನ್ನಷ್ಟಕ್ಕೇ ಮನಸ್ಸಾಗಲಾರದು ಎನ್ನುವುದನ್ನೂ ಒಪ್ಪಲೇಬೇಕಾಗುತ್ತದೆ. ಇಲ್ಲಿ ಗಮನಿಸಬೇಕಾದ್ದು ಕೋಣೆ ಹೊತ್ತಿರುವ ಭಾರ ಎಷ್ಟು ಎಂಬುದನ್ನು. ಮೊದಲ ಎರಡು ಮಾತುಗಳಿಗೆ ಕೋಣೆಯೇ ಬೇಕಿಲ್ಲ. ಅದು ಆಧಾರವಾಗಿ ನಿಂತಿರುವುದು ಮೂರನೆಯದಕ್ಕೆ ಮಾತ್ರ. ಕೋಣೆ ಕುಸಿದರೆ ಮೂರನೆಯದು ಬರೀ ಒಂದು ಅನಿಸಿಕೆಯಾಗಿ ಉಳಿಯುತ್ತದೆ.

ಟೀಕೆಗಳಿಗೆ ಹೋಗುವ ಮೊದಲು ಎರಡು ತಪ್ಪು ತಿಳಿವಳಿಕೆಗಳನ್ನು ತೆಗೆದುಹಾಕಬೇಕು. ಇವು ಎಷ್ಟು ಸಾಮಾನ್ಯ ಎಂದರೆ, ಕೋಣೆಯ ಬಗ್ಗೆ ನಡೆಯುವ ಅರ್ಧ ಜಗಳ ಇವುಗಳಿಂದಲೇ ಹುಟ್ಟುತ್ತದೆ.

ಮೊದಲನೆಯದು, ಕೋಣೆಯಲ್ಲಿರುವುದು ಈ ಪ್ರಶ್ನೆಗೆ ಈ ಉತ್ತರ ಎಂದು ಪಟ್ಟಿ ಮಾಡಿದ ಒಂದು ದೊಡ್ಡ ಗೈಡು ಎಂಬ ಕಲ್ಪನೆ. ಅಂಥ ಗೈಡು ಸಾಧ್ಯವೇ ಇಲ್ಲ. ಬಳಕೆಯ 3000 ಅಕ್ಷರಗಳನ್ನು ಹಿಡಿದು 20 ಅಕ್ಷರ ಉದ್ದದ ಸಾಲುಗಳನ್ನು ಎಣಿಸಿದರೆ 3000ರ 20ನೇ ಘಾತ, ಅಂದರೆ 70 ಅಂಕಿಗಳ ಸಂಖ್ಯೆ ಬರುತ್ತದೆ. ಅದರಲ್ಲಿ ಬಹುಪಾಲು ಅರ್ಥವಿಲ್ಲದ ಸಾಲುಗಳೇ ಆದರೂ ಉಳಿದವನ್ನು ಬರೆದಿಡಲು ಕಾಗದ ಸಾಲದು. ಅಲ್ಲದೆ 'ಈಗ ನೀವು ಹೇಳಿದ್ದನ್ನೇ ಇನ್ನೊಮ್ಮೆ ಹೇಳಿ' ಎಂಬ ಪ್ರಶ್ನೆಗೆ ಪಟ್ಟಿಯಲ್ಲಿ ಉತ್ತರವಿರುವುದಿಲ್ಲ. ಹಿಂದೆ ಆದದ್ದನ್ನು ಎಲ್ಲಾದರೂ ಬರೆದಿಟ್ಟುಕೊಂಡಿರಲೇಬೇಕು. ಹಾಗಾಗಿ ಕೋಣೆಯಲ್ಲಿ ಇರಬೇಕಾದದ್ದು ನಿಜವಾದ ಪ್ರೋಗ್ರಾಮು. ಅದರಲ್ಲಿ ನೆನಪಿನ ಕಪಾಟುಗಳು, ಕರಡು ಹಾಳೆಗಳು, ಅಳಿಸಿ ಬರೆಯುವ ಜಾಗಗಳು, ಹಿಂದಿನ ಹಂತಕ್ಕೆ ಮರಳುವ ನಿಯಮಗಳು ಎಲ್ಲ ಇರಬೇಕು. ಗೈಡಿನ ಚಿತ್ರ ಇಟ್ಟುಕೊಂಡವರಿಗೆ ಸರ್ಲ್ ತೀರ್ಮಾನ ಸಲೀಸಾಗಿ ಒಪ್ಪಿಗೆಯಾಗುತ್ತದೆ, ಏಕೆಂದರೆ ಗೈಡು ಯಾರ ಕಣ್ಣಿಗೂ ಮನಸ್ಸಿನಂತೆ ಕಾಣುವುದಿಲ್ಲ. ನಿಜವಾದ ಪ್ರೋಗ್ರಾಮಿನ ಗಾತ್ರ ಮತ್ತು ಚಲನೆಯನ್ನು ಕಣ್ಣ ಮುಂದೆ ತಂದುಕೊಂಡಾಗ ಅಷ್ಟು ಸಲೀಸಾಗಿ ತಲೆಯಾಡಿಸುವುದು ಕಷ್ಟ.

ಎರಡನೆಯದು ಇನ್ನೂ ಹೆಚ್ಚು ಕಾಣುವುದು. ಚಾಟ್‌ಬಾಟ್ ಒಂದು ಹಾಸ್ಯಾಸ್ಪದ ತಪ್ಪು ಮಾಡುತ್ತದೆ. ಯಾರೋ ಅದರ ಚಿತ್ರ ಹಾಕಿ 'ಸರ್ಲ್ ಹೇಳಿದ್ದು ನಿಜವಾಯಿತು' ಎನ್ನುತ್ತಾರೆ. ಇನ್ನೊಂದು ದಿನ ಅದು ಕಷ್ಟದ ಪರೀಕ್ಷೆಯೊಂದರಲ್ಲಿ ಪಾಸಾಗುತ್ತದೆ; 'ಸರ್ಲ್ ಸೋತರು' ಎಂದು ಇನ್ನೊಬ್ಬರು ಬರೆಯುತ್ತಾರೆ. ಎರಡೂ ಕೋಣೆಗೆ ಸಂಬಂಧಿಸಿದ್ದಲ್ಲ. ಉತ್ತರಗಳು ಒಂದು ತಪ್ಪೂ ಇಲ್ಲದೆ ಸರಿಯಾಗಿವೆ ಎಂದು ಮೊದಲೇ ಒಪ್ಪಿಕೊಂಡೇ ಸರ್ಲ್ ವಾದ ಶುರುವಾಗುತ್ತದೆ. 1950ರಲ್ಲಿ ಅಲನ್ ಟ್ಯೂರಿಂಗ್, ಯಂತ್ರ ಯೋಚಿಸುತ್ತದೆಯೇ ಎಂಬ ಪ್ರಶ್ನೆಯನ್ನು ಬದಿಗಿಟ್ಟು, ಬರಹದ ಸಂವಾದದಲ್ಲಿ ಅದನ್ನು ಮನುಷ್ಯನಿಂದ ಬೇರ್ಪಡಿಸಲು ಆಗುತ್ತದೆಯೇ ಎಂದು ನೋಡೋಣ ಎಂದಿದ್ದರು. ಆ ಪರೀಕ್ಷೆಯಲ್ಲಿ ಯಂತ್ರ ಪೂರ್ತಿ ಗೆದ್ದಿದೆ ಎಂದುಕೊಂಡ ಮೇಲೂ ಉಳಿಯುವ ಪ್ರಶ್ನೆಯೊಂದಿದೆ ಎನ್ನುವುದೇ ಸರ್ಲ್ ಅವರ ಮಾತು. ಹೊರಗಿನ ನಡವಳಿಕೆಯನ್ನು ಅಳೆಯುವ ಯಾವ ಪರೀಕ್ಷೆಯೂ ಅದನ್ನು ಎತ್ತಿಹಿಡಿಯಲಾರದು, ಉರುಳಿಸಲೂ ಆಗದು. ಅದೇ ಅದರ ಬಲ, ಅದೇ ಅದರ ಮೇಲಿನ ದೊಡ್ಡ ಸಿಟ್ಟಿಗೂ ಕಾರಣ.

ಇನ್ನು ಟೀಕೆಗಳು. ಆ ಪ್ರಬಂಧ ಬಂದ ಪತ್ರಿಕೆಯ ಪದ್ಧತಿಯಂತೆ ಅದರ ಜೊತೆಗೇ ಇಪ್ಪತ್ತಕ್ಕೂ ಹೆಚ್ಚು ಪ್ರತಿಕ್ರಿಯೆಗಳು ಅಚ್ಚಾದವು. ಟೀಕೆಗಳಲ್ಲಿ ಇಂದಿಗೂ ಜೀವಂತವಾಗಿರುವುದು 'ವ್ಯವಸ್ಥೆಯ ಉತ್ತರ' ಎಂದು ಹೆಸರಾದದ್ದು. ಒಳಗಿನ ಮನುಷ್ಯನಿಗೆ ಚೀನೀ ಅರ್ಥವಾಗುವುದಿಲ್ಲ, ನಿಜ. ಆದರೆ ಅರ್ಥವಾಗಬೇಕಾದ್ದು ಅವನಿಗಲ್ಲ. ಅವನು ಒಂದು ಭಾಗ ಮಾತ್ರ. ಮನುಷ್ಯ, ನಿಯಮ, ಕಂತೆ, ಕರಡು ಹಾಳೆ ಎಲ್ಲ ಸೇರಿದ ಇಡೀ ವ್ಯವಸ್ಥೆಗೆ ಅರ್ಥವಾಗುತ್ತದೆ.

ಕನ್ನಡದಲ್ಲಿ ಯೋಚಿಸುವವರಿಗೆ ಈ ಜಗಳದ ಗಂಟು ಎಲ್ಲಿದೆ ಎಂದು ಬೇಗ ಕಾಣಬಹುದು. ನಮ್ಮಲ್ಲಿ 'ನಾನು ಅರ್ಥವಾದೆ' ಎನ್ನುವುದಿಲ್ಲ, 'ನನಗೆ ಅರ್ಥವಾಯಿತು' ಎನ್ನುತ್ತೇವೆ. ಅರ್ಥವಾಗುವುದು ನಾವು ಮಾಡುವ ಕೆಲಸವಲ್ಲ, ನಮಗೆ ಆಗುವಂಥದ್ದು. ಬರೀ 'ಅರ್ಥವಾಯಿತು' ಎಂದರೂ 'ಯಾರಿಗೆ?' ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ. ಸರ್ಲ್ ಕೋಣೆಯಲ್ಲಿ ಆ 'ಯಾರಿಗೆ'ಯ ಜಾಗದಲ್ಲಿ ಕೂರಿಸಲು ಸಿಗುವ ಏಕೈಕ ವ್ಯಕ್ತಿ ಆ ಮನುಷ್ಯ. ಅವನೇ ಅಲ್ಲ ಎಂದಾಗ, ಆ ಜಾಗ ಖಾಲಿ ಎಂದು ಸರ್ಲ್ ಹೇಳುತ್ತಾರೆ. ಎದುರಾಳಿಗಳು ಆ ಜಾಗದಲ್ಲಿ ವ್ಯವಸ್ಥೆಯನ್ನು ಕೂರಿಸುತ್ತಾರೆ.

ಅವರ ಕೈಯಲ್ಲಿ ಒಳ್ಳೆಯ ಅಸ್ತ್ರವೇ ಇದೆ. ನಿಮ್ಮ ತಲೆಯೊಳಗೆ ಸುಮಾರು 8600 ಕೋಟಿ ನರಕೋಶಗಳಿವೆ. ಅವುಗಳಲ್ಲಿ ಯಾವುದೊಂದಕ್ಕೂ ಕನ್ನಡ ಬರುವುದಿಲ್ಲ. ಪ್ರತಿಯೊಂದೂ ಪಕ್ಕದವುಗಳಿಂದ ಬಂದ ಸಂಕೇತಕ್ಕೆ ತಕ್ಕಂತೆ ತಾನೊಂದು ಸಂಕೇತ ಕಳಿಸುತ್ತದೆ, ಅಷ್ಟೇ. ಒಂದು ನರಕೋಶವನ್ನು ತೋರಿಸಿ 'ಇದಕ್ಕೆ ಕನ್ನಡ ಗೊತ್ತಿಲ್ಲ, ಆದ್ದರಿಂದ ನಿಮಗೂ ಗೊತ್ತಿಲ್ಲ' ಎಂದರೆ ಯಾರೂ ಒಪ್ಪುವುದಿಲ್ಲ. ಭಾಗಕ್ಕೆ ಇಲ್ಲದ ಗುಣ ಇಡಿಯದಕ್ಕೆ ಇರಬಹುದು. ಕೋಣೆಯ ಕಥೆಯಲ್ಲಿ ನಮ್ಮ ಕಣ್ಣು ಮನುಷ್ಯನ ಮೇಲೆ ನಿಲ್ಲುವುದು ಅವನು ಮುಖ್ಯ ಎಂದಲ್ಲ, ಅಲ್ಲಿ ಮನುಷ್ಯನಂತೆ ಕಾಣುವವನು ಅವನೊಬ್ಬನೇ ಎಂದು. ಕಂಪ್ಯೂಟರಿನಲ್ಲಿ ಅವನ ಜಾಗದಲ್ಲಿರುವುದು ಪ್ರೊಸೆಸರ್. ಪ್ರೊಸೆಸರಿಗೆ ಚೀನೀ ಬರುತ್ತದೆಂದು ಯಾರೂ ಎಂದೂ ಹೇಳಿಲ್ಲ.

ಇದಕ್ಕೆ ಸರ್ಲ್ ಕೊಟ್ಟ ಮಾರುತ್ತರ ಚುರುಕಾಗಿದೆ. ಆಗಲಿ, ಎನ್ನುತ್ತಾರೆ ಅವರು. ಆ ಮನುಷ್ಯ ನಿಯಮ, ಕಂತೆ ಎಲ್ಲವನ್ನೂ ಬಾಯಿಪಾಠ ಮಾಡಿಕೊಳ್ಳಲಿ. ಲೆಕ್ಕವನ್ನೆಲ್ಲ ಮನಸ್ಸಿನಲ್ಲೇ ಮಾಡಲಿ. ಕೋಣೆ ಬಿಟ್ಟು ಬಯಲಿಗೆ ಬರಲಿ. ಈಗ ವ್ಯವಸ್ಥೆಯೆಂದು ಬೇರೆಯಾಗಿ ಏನೂ ಇಲ್ಲ, ಎಲ್ಲವೂ ಅವನೊಳಗೇ ಇದೆ. ಆದರೂ ಅವನಿಗೆ ಚೀನೀಯ ಒಂದು ಪದವೂ ಅರ್ಥವಾಗುವುದಿಲ್ಲ.

ಇಲ್ಲಿಂದ ವಾದ ಸೂಕ್ಷ್ಮವಾಗುತ್ತದೆ. ಬಯಲಿಗೆ ಬಂದ ಆ ಮನುಷ್ಯನಿಗೆ ಚೀನೀಯಲ್ಲಿ ಒಂದು ಜೋಕು ಬರೆದು ಕೊಡಿ. ಅವನು ಮನಸ್ಸಿನಲ್ಲೇ ನಿಯಮ ಓಡಿಸಿ, ಚೀನೀಯಲ್ಲಿ 'ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ' ಎಂದು ಬರೆದು ಕೊಡುತ್ತಾನೆ. ಅವನ ಮುಖ ಮಾತ್ರ ಗಂಭೀರವಾಗಿಯೇ ಇರುತ್ತದೆ. ಚೀನೀಯಲ್ಲಿ ನಿಮ್ಮ ಊರು ಯಾವುದು ಎಂದರೆ ಬೀಜಿಂಗ್ ಎಂದು ಬರೆದಾನು. ಅದನ್ನೇ ಕನ್ನಡದಲ್ಲಿ ಕೇಳಿದರೆ ಧಾರವಾಡ ಎಂದಾನು. ಮೊದಲ ಉತ್ತರ ತಾನೇ ಬರೆದದ್ದು ಎಂದು ಗೊತ್ತು, ಏನು ಬರೆದೆ ಎಂದು ಗೊತ್ತಿಲ್ಲ. ಸರ್ಲ್ ಪಕ್ಷದವರು ಇದನ್ನು ನೋಡಿ, ಚೀನೀ ಭಾಗದಲ್ಲಿ ಯಾರೂ ಇಲ್ಲ, ನಗು ಬರಿಯ ಬರಹ ಎನ್ನುತ್ತಾರೆ. ಎದುರು ಪಕ್ಷದವರು ಇದೇ ಚಿತ್ರವನ್ನು ನೋಡಿ, ಒಂದೇ ಮಿದುಳಿನ ಮೇಲೆ ಎರಡು ಬೇರೆಬೇರೆ ಮನಸ್ಸುಗಳು ನಡೆಯುತ್ತಿವೆ, ಒಬ್ಬನ ಊರು ಧಾರವಾಡ, ಇನ್ನೊಬ್ಬನದು ಬೀಜಿಂಗ್. ಮೊದಲನೆಯವನನ್ನು ಕೇಳಿ ಎರಡನೆಯವನ ಬಗ್ಗೆ ತೀರ್ಮಾನ ಮಾಡಲಾಗದು ಎನ್ನುತ್ತಾರೆ. ಸಂಗತಿಗಳ ಬಗ್ಗೆ ಇಬ್ಬರಿಗೂ ಒಪ್ಪಂದವಿದೆ. ಭೇದ ಇರುವುದು 'ನನಗೆ ಗೊತ್ತಿಲ್ಲ' ಎನ್ನುವ ಆ ಮನುಷ್ಯನ ಸಾಕ್ಷ್ಯ ಎಷ್ಟು ದೂರ ನಡೆಯುತ್ತದೆ ಎಂಬುದರ ಬಗ್ಗೆ. ನನ್ನ ಎಣಿಕೆಯಲ್ಲಿ ಸರ್ಲ್ ಇಲ್ಲಿ ಗೆದ್ದಿಲ್ಲ. ವ್ಯವಸ್ಥೆಗೆ ಅರ್ಥವಾಗುವುದಿಲ್ಲ ಎಂದು ತೋರಿಸುವ ಬದಲು ವ್ಯವಸ್ಥೆಯನ್ನು ಅವನೊಳಗೆ ಇಟ್ಟು, ಮತ್ತೆ ಅವನನ್ನೇ ಕೇಳಿದ್ದಾರೆ. ಆದರೆ ಎದುರಾಳಿಗಳು ಗೆದ್ದರೆಂದೂ ಅಲ್ಲ. ವ್ಯವಸ್ಥೆಗೆ ಅರ್ಥವಾಗಬಹುದು ಎಂದು ಹೇಳುವುದು ಬೇರೆ, ಅರ್ಥವಾಗುತ್ತದೆ ಎಂದು ತೋರಿಸುವುದು ಬೇರೆ. ಎರಡನೆಯದನ್ನು ಅವರು ಮಾಡಿಲ್ಲ.

'ರೋಬೋಟ್ ಉತ್ತರ' ಇನ್ನೊಂದು ದಿಕ್ಕಿನಿಂದ ಬರುತ್ತದೆ. ಕೋಣೆಯ ಕೊರತೆ ಅದು ಜಗತ್ತಿನಿಂದ ಕಡಿದುಹೋಗಿರುವುದು. ಕ್ಯಾಮೆರಾ, ಕೈಕಾಲು ಕೊಟ್ಟು ಓಡಾಡಲು ಬಿಡಿ, ಆಗ ಗುರುತುಗಳು ವಸ್ತುಗಳಿಗೆ ಅಂಟಿಕೊಳ್ಳುತ್ತವೆ ಎನ್ನುತ್ತದೆ ಈ ಉತ್ತರ. ಬರೀ ಪದಗಳಿಂದ ಪದಗಳನ್ನು ಕಲಿಯುವ ಕಷ್ಟ ಏನೆಂದು ತಿಳಿಯಲು, ಕನ್ನಡವೇ ಬಾರದವರ ಕೈಗೆ ಕನ್ನಡ-ಕನ್ನಡ ನಿಘಂಟನ್ನು ಕೊಟ್ಟು ನೋಡಬಹುದು. 'ಜಲ' ನೋಡಿದರೆ 'ನೀರು' ಎಂದಿರುತ್ತದೆ, 'ನೀರು' ನೋಡಿದರೆ 'ಜಲ, ಉದಕ' ಎಂದಿರುತ್ತದೆ, 'ಉದಕ' ನೋಡಿದರೆ ಮತ್ತೆ 'ನೀರು'. ಗಾಣದೆತ್ತಿನಂತೆ ಸುತ್ತಬೇಕೇ ಹೊರತು ಹೊರಬರಲು ದಾರಿಯಿಲ್ಲ. 1990ರಲ್ಲಿ ಅರಿವಿನ ವಿಜ್ಞಾನಿ ಸ್ಟೀವನ್ ಹಾರ್ನಾಡ್ ಇದನ್ನು ಗುರುತುಗಳಿಗೆ ನೆಲೆ ಕೊಡುವ ಸಮಸ್ಯೆ ಎಂದು ಬಿಡಿಸಿ ಬರೆದರು. ಕೆಲವು ಗುರುತುಗಳಾದರೂ ನೋಡುವ, ಮುಟ್ಟುವ ಸಾಮರ್ಥ್ಯಕ್ಕೆ ನೇರವಾಗಿ ಕಟ್ಟಿರಬೇಕು, ಉಳಿದವು ಅವುಗಳ ಮೇಲೆ ನಿಲ್ಲಬಹುದು ಎಂಬುದು ಅವರ ನಿಲುವು. ಸರ್ಲ್ ಮಾತ್ರ ಕ್ಯಾಮೆರಾಕ್ಕೆ ಒಪ್ಪಲಿಲ್ಲ. ಕ್ಯಾಮೆರಾ ಕಳಿಸುವುದೂ ಅಂಕಿಗಳನ್ನೇ. ಒಳಗಿನವನಿಗೆ ನಾಲ್ಕನೆಯ ಕಂತೆಯೊಂದು ಬಂತು ಅಷ್ಟೇ, ಅದು ಕಣ್ಣಿನಿಂದ ಬಂದದ್ದೋ ಪೆನ್ನಿನಿಂದ ಬಂದದ್ದೋ ಅವನಿಗೆ ತಿಳಿಯುವುದಿಲ್ಲ ಎಂದರು. ಇದರಲ್ಲೊಂದು ಒಪ್ಪಿಗೆ ಅಡಗಿದೆ ಎನ್ನುವುದನ್ನು ಅವರೇ ಎತ್ತಿ ತೋರಿಸಿದರು. ಜಗತ್ತಿನೊಡನೆ ಸಂಬಂಧ ಬೇಕೇಬೇಕು ಎನ್ನುವವರು, ಪ್ರೋಗ್ರಾಮು ಒಂದೇ ಸಾಲದು ಎಂದು ಆಗಲೇ ಒಪ್ಪಿಕೊಂಡಿದ್ದಾರೆ.

ಮಿದುಳಿನ ಪ್ರತಿಯೊಂದು ನರಕೋಶದ ಕೆಲಸವನ್ನೂ ಹಾಗೆಹಾಗೇ ಅನುಕರಿಸುವ ಪ್ರೋಗ್ರಾಮು ಬರೆದರೆ? ಆಗ ಸರ್ಲ್ ಮನುಷ್ಯನ ಕೈಗೆ ಕಾಗದದ ಬದಲು ನೀರಿನ ಪೈಪುಗಳನ್ನೂ ವಾಲ್ವುಗಳನ್ನೂ ಕೊಟ್ಟರು. ನಿಯಮ ನೋಡಿ ವಾಲ್ವು ತಿರುಗಿಸುತ್ತಾನೆ, ನೀರು ನರಕೋಶಗಳ ಸಂಕೇತದ ಜಾಡಿನಲ್ಲೇ ಹರಿಯುತ್ತದೆ, ಆದರೂ ಅವನಿಗೂ ಅರ್ಥವಿಲ್ಲ, ಪೈಪಿಗೂ ಇಲ್ಲ. ಮಳೆಯ ಅನುಕರಣೆಯಿಂದ ಯಾರೂ ಒದ್ದೆಯಾಗುವುದಿಲ್ಲ ಎಂಬುದು ಅವರ ಪ್ರಸಿದ್ಧ ಹೋಲಿಕೆ. ಮಾತು ಚೆನ್ನಾಗಿದೆ, ಆದರೆ ಅರ್ಧ ಮಾತ್ರ. ಕಂಪ್ಯೂಟರು ಮಳೆಯನ್ನು ಅನುಕರಿಸಿದರೆ ಮಳೆ ಬರುವುದಿಲ್ಲ; ಅದು ಕೂಡುವುದನ್ನು ಅನುಕರಿಸಿದರೆ ಮಾತ್ರ ನಿಜವಾಗಿಯೂ ಕೂಡಿದಂತೆಯೇ. 7ಕ್ಕೆ 5 ಸೇರಿಸಿ 12 ಎಂದ ಮೇಲೆ ಅದು ಅನುಕರಣೆಯ 12 ಎನ್ನಲಾಗದು. ಅರ್ಥವಾಗುವುದು ಮಳೆಯ ಜಾತಿಯದೋ ಕೂಡುವ ಲೆಕ್ಕದ ಜಾತಿಯದೋ ಎಂಬುದೇ ಇಲ್ಲಿಯ ಪ್ರಶ್ನೆ. ಅದನ್ನು ಹೋಲಿಕೆಯೇ ತೀರ್ಮಾನಿಸಿಬಿಟ್ಟರೆ ವಾದಕ್ಕೆ ಕೆಲಸ ಉಳಿಯುವುದಿಲ್ಲ.

ಸರ್ಲ್ ಸ್ವತಃ ಮಳೆಯ ಪಕ್ಷ. ಅವರನ್ನು ಆತ್ಮವಾದಿ ಎಂದುಕೊಳ್ಳುವುದು ತಪ್ಪು. ಯಂತ್ರ ಯೋಚಿಸಬಲ್ಲದೇ ಎಂದರೆ ಖಂಡಿತ, ಮಿದುಳೇ ಅಂಥ ಯಂತ್ರ ಎಂದು ಅವರು ಉತ್ತರಿಸುತ್ತಿದ್ದರು. ಮೊಲೆಹಾಲು ಉಂಟಾಗುವುದು, ಎಲೆಯಲ್ಲಿ ಆಹಾರ ತಯಾರಾಗುವುದು ಹೇಗೆ ನಿರ್ದಿಷ್ಟ ರಾಸಾಯನಿಕ ಕ್ರಿಯೆಗಳಿಂದಲೋ ಹಾಗೇ ಅರಿವೂ ಮಿದುಳಿನ ಕಾರಣಶಕ್ತಿಯಿಂದ ಉಂಟಾಗುತ್ತದೆ. ಬೇರೆ ಸಾಮಗ್ರಿಯಿಂದ ಅದೇ ಶಕ್ತಿಯಿರುವ ಯಂತ್ರ ಮಾಡಿದರೆ ಅದಕ್ಕೂ ಅರ್ಥವಾದೀತು. ಪ್ರೋಗ್ರಾಮು ಬರೀ ಕ್ರಮವನ್ನು ಹೇಳುತ್ತದೆ, ಶಕ್ತಿಯನ್ನು ಕೊಡುವುದಿಲ್ಲ. ಈ ನಿಲುವಿನ ತೊಡಕು ಎಂದರೆ ಆ ಶಕ್ತಿ ಯಾವುದು, ನರಕೋಶದ ಯಾವ ಗುಣದಲ್ಲಿದೆ, ಇನ್ನೊಂದರಲ್ಲಿ ಇದೆಯೋ ಇಲ್ಲವೋ ಎಂದು ಹೇಗೆ ಕಂಡುಹಿಡಿಯುವುದು ಎಂಬುದನ್ನು ಅವರು ಹೇಳಲಿಲ್ಲ, ಅದು ವಿಜ್ಞಾನಿಗಳ ಕೆಲಸ ಎಂದು ಬಿಟ್ಟರು.

ಈಗಿನ ಚಾಟ್‌ಬಾಟ್‌ಗಳ ಹಿಂದಿರುವ ಭಾಷಾ ಮಾದರಿಗಳಿಗೆ ಬಂದರೆ ಕೋಣೆಯ ಎರಡು ಸಾಮಾನುಗಳು ಬದಲಾಗಿವೆ. ಶಾಂಕ್ ಕಾಲದಲ್ಲಿ ನಿಯಮ ಬರೆದವರು ಮನುಷ್ಯರು. ಹೋಟೆಲಿನಲ್ಲಿ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು, ಆ ತಿಳಿವಳಿಕೆಯನ್ನೇ 4ನೇ ಹಾಳೆಯಲ್ಲಿ ಇಳಿಸಿದ್ದರು. ಅರ್ಥ ಇದ್ದದ್ದು ಬರೆದವರ ತಲೆಯಲ್ಲಿ ಎಂದು ಆಗ ಸುಲಭವಾಗಿ ಹೇಳಬಹುದಿತ್ತು. ಈಗ 4ನೇ ಹಾಳೆಯನ್ನು ಯಾರೂ ಬರೆಯುವುದಿಲ್ಲ. ನಿಯಮದ ಪುಸ್ತಕದ ಜಾಗದಲ್ಲಿ ಅಂಕಿಗಳ ದೊಡ್ಡ ಕೋಷ್ಟಕಗಳಿವೆ. ರಾಶಿ ಬರಹದಲ್ಲಿ ಮುಂದಿನ ತುಣುಕು ಯಾವುದೆಂದು ಊಹಿಸಿ, ತಪ್ಪಿದಾಗ ಅಂಕಿಗಳನ್ನು ತುಸು ತಿದ್ದಿ, ಹೀಗೆ ಮಾಡುತ್ತ ಮಾಡುತ್ತ ಅವು ರೂಪುಗೊಂಡಿವೆ. ಯಾವ ಅಂಕಿ ಏನನ್ನು ಹೇಳುತ್ತದೆ ಎಂದು ಮಾಡಿದವರಿಗೂ ಮೊದಲಿಗೆ ತಿಳಿದಿರುವುದಿಲ್ಲ.

ಎರಡನೆಯದು ಕೆಲಸದ ಪ್ರಮಾಣ. 2019ರ ಜಿಪಿಟಿ-2 ಮಾದರಿಯ ಅತಿ ಚಿಕ್ಕ ರೂಪದಲ್ಲಿ ಸುಮಾರು 12.4 ಕೋಟಿ ಅಂಕಿಗಳಿವೆ. ಒಂದು ತುಣುಕು, ಅಂದರೆ ಒಂದು ಪದ ಅಥವಾ ಪದದ ಚೂರು ಹೊರಬರಬೇಕಾದರೆ ಪ್ರತಿ ಅಂಕಿಗೂ ಅಂದಾಜು ಒಂದು ಗುಣಾಕಾರ, ಒಂದು ಕೂಡುವಿಕೆ ಎಂದು ಹಿಡಿದರೆ 25 ಕೋಟಿ ಲೆಕ್ಕಗಳು. ನಮ್ಮ ಮನುಷ್ಯ ಊಟ ನಿದ್ದೆ ಬಿಟ್ಟು 10 ಸೆಕೆಂಡಿಗೆ ಒಂದರಂತೆ ಮಾಡಿದರೆ 250 ಕೋಟಿ ಸೆಕೆಂಡು, ಅಂದರೆ 79 ವರ್ಷ. ಒಂದು ಚೂರು ಪದಕ್ಕೆ ಒಂದು ಆಯುಷ್ಯ. ಹ್ಯಾಂಬರ್ಗರ್ ತಿಂದನೇ ಎಂಬ ಪ್ರಶ್ನೆಗೆ 'ಇಲ್ಲ' ಎಂದು ಬರುವ ಹೊತ್ತಿಗೆ ಕೇಳಿದವನೂ ಇರುವುದಿಲ್ಲ. ವೇಗ ಮುಖ್ಯವಲ್ಲ ಎಂದು ಸರ್ಲ್ ಹೇಳಿಯಾರು. ತತ್ವಶಾಸ್ತ್ರಜ್ಞರಾದ ಚರ್ಚ್‌ಲ್ಯಾಂಡ್ ದಂಪತಿ 1990ರಲ್ಲೇ ಇದಕ್ಕೊಂದು ಉತ್ತರ ಕೊಟ್ಟಿದ್ದರು. ಕತ್ತಲ ಕೋಣೆಯಲ್ಲಿ ಅಯಸ್ಕಾಂತವನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಬೆಳಕು ಕಾಣುವುದಿಲ್ಲ. ಆದ್ದರಿಂದ ಬೆಳಕು ವಿದ್ಯುತ್ಕಾಂತ ಅಲೆಯಲ್ಲ ಎಂದು ಯಾರಾದರೂ ಹೇಳಿದರೆ ಅದು ತಪ್ಪು. ಅಲೆ ಹುಟ್ಟಿಯೇ ಇದೆ, ಆದರೆ ಅದರ ಕಂಪನ ಕಣ್ಣಿಗೆ ಕಾಣುವ ಬೆಳಕಿನದಕ್ಕಿಂತ ಅದೆಷ್ಟೋ ಪಟ್ಟು ನಿಧಾನ. ನಿಧಾನಗೊಳಿಸಿದ ಚಿತ್ರದಲ್ಲಿ ಕಾಣಲಿಲ್ಲ ಎಂಬುದರಿಂದ ಇಲ್ಲವೇ ಇಲ್ಲ ಎಂದು ಹೇಳಲಾಗದು.

ಸರ್ಲ್ ವಾದದ ತಿರುಳಿಗೆ ಈ ಎರಡು ಬದಲಾವಣೆಗಳಿಂದ ಏನೂ ಆಗಿಲ್ಲ. ಗುಣಾಕಾರ ಮಾಡುತ್ತ ಕೂತವನಿಗೆ ಮೊದಲಿಗಿಂತಲೂ ಕಡಿಮೆ ಗೊತ್ತು. ಮೊದಲು ಗುರುತುಗಳಾದರೂ ಕಾಣುತ್ತಿದ್ದವು, ಈಗ ದಶಮಾಂಶಗಳು ಮಾತ್ರ. ಬದಲಾಗಿರುವುದು ವ್ಯವಸ್ಥೆಯ ಪಕ್ಷದವರ ಸ್ಥಿತಿ. ವ್ಯವಸ್ಥೆಯೊಳಗೆ ಏನಿದೆ ಎಂದು ಕೇಳಿದರೆ ಮೊದಲು ಅವರಿಗೆ ತೋರಿಸಲು ಏನೂ ಇರಲಿಲ್ಲ, ಈಗ ಒಂದಿಷ್ಟು ಇದೆ.

2022ರಲ್ಲಿ ಕೆನೆತ್ ಲಿ ಮತ್ತು ಜೊತೆಗಾರರು ಒಥೆಲೋ ಎಂಬ ಹಲಗೆಯಾಟವನ್ನು ತೆಗೆದುಕೊಂಡರು. ಅದರಲ್ಲಿ 64 ಮನೆಗಳು. ನಡುವಿನ 4 ಮೊದಲೇ ತುಂಬಿರುವುದರಿಂದ ಕಾಯಿ ಇಡಲು ಸಿಗುವುದು 60. ಜಿಪಿಟಿ ಮಾದರಿಯೊಂದಕ್ಕೆ ಅವರು ಕೊಟ್ಟದ್ದು ನಡೆಗಳ ಹೆಸರಿನ ಉದ್ದುದ್ದ ಸಾಲುಗಳನ್ನು ಮಾತ್ರ. ಹಲಗೆ ಎಂಬುದಿದೆ, ಕಪ್ಪು ಬಿಳಿ ಕಾಯಿಗಳಿವೆ, ನಡುವೆ ಸಿಕ್ಕಿಬಿದ್ದ ಕಾಯಿಯ ಬಣ್ಣ ತಿರುಗುತ್ತದೆ ಎಂಬ ಯಾವ ನಿಯಮವನ್ನೂ ಹೇಳಲಿಲ್ಲ. ಮಾದರಿ ಕೊಡುತ್ತಿದ್ದ ಮುಂದಿನ ನಡೆಗಳು ಹೆಚ್ಚುಕಡಿಮೆ ಎಲ್ಲವೂ ಆಟದ ನಿಯಮಕ್ಕೆ ಸರಿಯಾಗಿದ್ದವು. ಅವರು ಮಾದರಿ ಓಡುವಾಗ ಅದರೊಳಗೆ ಹುಟ್ಟುವ ಅಂಕಿಗಳನ್ನು ಓದುವ ಇನ್ನೊಂದು ಚಿಕ್ಕ ಮಾದರಿಯನ್ನು ಕಟ್ಟಿ ನೋಡಿದಾಗ, ಆ ಕ್ಷಣದಲ್ಲಿ ಯಾವ ಮನೆಯಲ್ಲಿ ಯಾವ ಬಣ್ಣದ ಕಾಯಿ ಇದೆ ಎಂಬುದನ್ನು ಆ ಅಂಕಿಗಳಿಂದ ಓದಿ ತೆಗೆಯಲು ಸಾಧ್ಯವಾಯಿತು.

ಸರ್ಲ್ ಪಕ್ಷದವರು ಇದಕ್ಕೆ ಏನೆನ್ನುತ್ತಾರೆ ಎಂದು ಊಹಿಸುವುದು ಕಷ್ಟವಲ್ಲ. ಆ ಹಲಗೆಯನ್ನು ಕಂಡವರು ಯಾರು? ನೀವು. ಅಂಕಿಗಳನ್ನು ಹಲಗೆ ಎಂದು ಓದಿದ್ದು ನಿಮ್ಮ ಸಾಧನ. ಗೋಡೆಯ ಕಲೆಗಳಲ್ಲೂ ಬೇಕಾದ ಚಿತ್ರ ಕಾಣಬಹುದು. ಈ ಆಕ್ಷೇಪಕ್ಕೆ ಉತ್ತರ ಆ ಪ್ರಯೋಗದ ಎರಡನೇ ಭಾಗದಲ್ಲಿದೆ. ಅವರು ಮಾದರಿ ಓಡುತ್ತಿರುವಾಗಲೇ ಒಳಗಿನ ಅಂಕಿಗಳನ್ನು ತಿದ್ದಿ, ಒಂದು ಮನೆಯ ಕಾಯಿಯ ಬಣ್ಣ ಬದಲಾದಂತೆ ಮಾಡಿದರು. ಹೊರಗಿನಿಂದ ಕೊಟ್ಟ ನಡೆಗಳ ಸಾಲು ಹಾಗೇ ಇತ್ತು. ಆದರೂ ಮಾದರಿ ಸೂಚಿಸಿದ ಮುಂದಿನ ನಡೆಗಳು ತಿದ್ದಿದ ಹಲಗೆಗೆ ಹೊಂದುವಂತೆ ಬದಲಾದವು. ಅಂದರೆ ಆ ಹಲಗೆ ನೋಡುವವರ ಕಣ್ಣಿನಲ್ಲಿ ಮಾತ್ರ ಇಲ್ಲ, ಮಾದರಿ ತನ್ನ ಉತ್ತರಕ್ಕೆ ಅದನ್ನೇ ಬಳಸುತ್ತಿದೆ.

ಇದೇ ಮಾದರಿಯನ್ನು ನಮ್ಮ ಮನುಷ್ಯ ಕಾಗದದ ಮೇಲೆ ನಡೆಸಿದರೆ ಅವನ ಕರಡು ಹಾಳೆಗಳಲ್ಲಿ ಆ ಹಲಗೆ ಇರುತ್ತದೆ, ಕಾಯಿಗಳು ಬಣ್ಣ ತಿರುಗಿಸುತ್ತಲೂ ಇರುತ್ತವೆ. ಅವನಿಗೆ ಮಾತ್ರ ಅಲ್ಲೊಂದು ಆಟ ನಡೆಯುತ್ತಿದೆ ಎಂಬುದೇ ತಿಳಿಯುವುದಿಲ್ಲ. ಹಾಳೆಗಳಲ್ಲಿ ಹಲಗೆ ಇದೆ ಎಂಬಷ್ಟಕ್ಕೆ ಅದು 'ಯಾರಿಗೋ' ಇದೆ ಎಂದಾಗುತ್ತದೆಯೇ ಎಂಬುದನ್ನು ಒಥೆಲೋ ಪ್ರಯೋಗ ಹೇಳುವುದಿಲ್ಲ, ಹೇಳಲು ಹೊರಟೂ ಇರಲಿಲ್ಲ.